ಬರುವುದಿಲ್ಲ ಎಂದು ಬರೆದು ಬಂದ ದಿನ

ಕೆಲಸಕ್ಕೆ ಬಾರದೇ ಇದ್ದದ್ದಕ್ಕೆ ಒಬ್ಬರಿಗೆ ಶಹಬಾಸ್ ಸಿಕ್ಕಿದ್ದನ್ನು ನಾನು ಮೊದಲ ಸಲ ಕಂಡದ್ದು ನಿವೃತ್ತನಾದ ಮೇಲೆ.

ನಾನು ನಲವತ್ತರ ದಶಕದ ಕೊನೆಯಲ್ಲಿ ಹುಟ್ಟಿದವನು. ಓದಿದ್ದು ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿ, ದುಡಿದದ್ದು ಸರ್ಕಾರಿ ಬಸ್ ಡಿಪೋದಲ್ಲಿ. ಕಂಡಕ್ಟರ್ ಆಗಿ ಸೇರಿ, ಡ್ಯೂಟಿ ಹಂಚುವ ಕಂಟ್ರೋಲರ್ ಆಗಿ ಹೊರಬಂದೆ. ಬೆಳಗಿನ ಜಾವ ಎದ್ದು, ತಣ್ಣೀರು ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು ಮನೆ ಬಿಡದಿದ್ದರೆ ದಿನ ಹುಟ್ಟಿತೆಂದು ನನಗೆ ಅನಿಸುತ್ತಿರಲಿಲ್ಲ. ನಿವೃತ್ತಿಯ ಮೊದಲ ತಿಂಗಳು ಸ್ನಾನ ಮಾಡಿ ಅಂಗಿ ತೊಟ್ಟು ಜಗಲಿಯ ಮೇಲೆ ಕೂತೆ. ಎದುರು ಮನೆಯ ರೇಷ್ಮೆ ಹುರಿ ಮಷೀನಿನ ಸದ್ದು ಕೇಳುತ್ತಾ ಎಷ್ಟು ಹೊತ್ತು ಕೂರುವುದು? ದೇವನಹಳ್ಳಿಯ ಹತ್ತಿರ ಆಗಷ್ಟೇ ಶುರುವಾಗಿದ್ದ ಒಂದು ಕಾರ್ಖಾನೆಯಲ್ಲಿ ಕೆಲಸಗಾರರ ಬಸ್ಸುಗಳನ್ನು ನೋಡಿಕೊಳ್ಳಲು ಅನುಭವಸ್ಥರು ಬೇಕೆಂದು ತಿಳಿದಾಗ ಮಾರನೆಯ ದಿನವೇ ಹೋಗಿ ಕೇಳಿದೆ. ಕೊಟ್ಟರು.

ಟ್ರಾನ್ಸ್‌ಪೋರ್ಟ್ ಡೆಸ್ಕ್ ಎಂದು ಅದರ ಹೆಸರು. ಗೇಟಿನ ಪಕ್ಕದ ಒಂದು ಕೋಣೆ, ಎರಡು ಮೇಜು. ಬಸ್ಸುಗಳು ಕಂಟ್ರಾಕ್ಟರನವು. ವಿಜಯಪುರ, ಬೂದಿಗೆರೆ, ಹೊಸಕೋಟೆ ಕಡೆಯ ಹಳ್ಳಿಗಳಿಂದ ಹೆಂಗಸರನ್ನು ಪಾಳಿಗೆ ಕರೆತಂದು ಮತ್ತೆ ಬಿಡಬೇಕು. ಯಾವ ಬಸ್ಸು ಯಾವ ದಾರಿ, ಯಾವ ಡ್ರೈವರ್, ಎಲ್ಲಿ ನಿಲುಗಡೆ, ಇದೆಲ್ಲ ನಮ್ಮ ಕೆಲಸ. ಒಂದು ಮೇಜು ನನ್ನದು. ಇನ್ನೊಂದು ಮೇಜಿನಲ್ಲಿ ಕೂರುತ್ತಿದ್ದವಳು ದೇವನಹಳ್ಳಿ ಕೋಟೆಯೊಳಗಿನ ಮನೆಯ ಹುಡುಗಿ. ಅವಳ ತಂದೆ ಬಾಡಿಗೆ ಕಾರು ಓಡಿಸುತ್ತಿದ್ದರು. ಮನೆಯಲ್ಲಿ ದಖ್ಖನಿ, ಡ್ರೈವರುಗಳ ಹತ್ತಿರ ಕನ್ನಡ, ಕಂಟ್ರಾಕ್ಟರನ ಹತ್ತಿರ ತೆಲುಗು, ಮ್ಯಾನೇಜರ್ ಹತ್ತಿರ ಇಂಗ್ಲಿಷು. ನಾನು ಕಂಪ್ಯೂಟರಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುವಷ್ಟರಲ್ಲಿ ಅವಳು ಒಂದು ಪುಟ ಮುಗಿಸಿ ಟೀ ತರಿಸಿರುತ್ತಿದ್ದಳು. ಟೀಯನ್ನು ನನಗೂ ತರಿಸುತ್ತಿದ್ದಳು, ಸಕ್ಕರೆ ಕಡಿಮೆ ಎಂದು ನೆನಪಿಟ್ಟು. ಅದನ್ನೂ ನನಗೆ ಸಹಿಸಲಾಗುತ್ತಿರಲಿಲ್ಲ.

ಒಂದು ಸೋಮವಾರ ಅವಳಿಗೆ ಜ್ವರ ಬಂತು. ಬೆಳಿಗ್ಗೆ ನನಗೆ ಫೋನ್ ಮಾಡಿ ಹೇಳಿದಳು, ಆಮೇಲೆ ಮ್ಯಾನೇಜರಿಗೆ ಮೇಲ್ ಕಳಿಸಿದಳು, ನನಗೂ ಅದರ ಪ್ರತಿ. ಇಂಗ್ಲಿಷಿನಲ್ಲಿದ್ದ ಆ ಮೇಲ್ ಅಂಗೈಯಷ್ಟೂ ಇರಲಿಲ್ಲ. ಜ್ವರವಿದೆ, ಇಂದು ಬರುವುದಿಲ್ಲ. ಊಟದ ಹೊತ್ತಿನೊಳಗೆ ಆಗಲೇಬೇಕಾದವು ಎರಡು: ರಿಪೇರಿಗೆ ಹೋದ ಬಸ್ಸಿನ ಬದಲಿಗೆ ಕಂಟ್ರಾಕ್ಟರ್ ಕಳಿಸುವ ಬಸ್ಸಿನ ನಂಬರನ್ನು ಗೇಟಿಗೆ ತಿಳಿಸಬೇಕು, ಹೊಸದಾಗಿ ಸೇರಿದವರ ಬಸ್ ಪಾಸುಗಳಿಗೆ ಸಹಿ ಹಾಕಿಸಬೇಕು, ಪಾಸುಗಳು ನನ್ನ ಮೇಜಿನ ಎಡ ಡ್ರಾಯರಿನಲ್ಲಿವೆ. ಎರಡನ್ನೂ ಪಕ್ಕದ ಮೇಜಿನ ಸರ್ ಮಾಡಬಲ್ಲರು, ಅವರಿಗೆ ಹೇಳಿದ್ದೇನೆ. ತಿಂಗಳ ಟ್ರಿಪ್ ಪಟ್ಟಿ ನಾಳೆಯವರೆಗೆ ಕಾಯಬಹುದು. ಅಷ್ಟೇ.

ಆ ದಿನ ಬಸ್ಸಿನ ನಂಬರ್ ಗೇಟಿಗೆ ಕೊಟ್ಟವನು ನಾನು. ಪಾಸುಗಳನ್ನು ಹಿಡಿದು ಮಹಡಿ ಹತ್ತಿ ಇಳಿದವನು ನಾನು. ಸಂಜೆ ಮ್ಯಾನೇಜರ್ ಅವಳ ಮೇಲನ್ನು ಇಡೀ ಆಡಳಿತ ವಿಭಾಗಕ್ಕೆ ಕಳಿಸಿ, ರಜೆ ಹೇಳುವುದೆಂದರೆ ಹೀಗೆ, ಇನ್ನು ಮುಂದೆ ಎಲ್ಲರೂ ಹೀಗೇ ಬರೆಯಿರಿ ಎಂದು ಮೇಲೊಂದು ಸಾಲು ಸೇರಿಸಿದರು. ನನ್ನ ಮೇಜಿನ ಮುಂದೆ ನಿಂತು ಬೇರೆ ಹೇಳಿದರು.

“ನೋಡಿದ್ರಾ ಸರ್, ಎಷ್ಟ್ ನೀಟಾಗಿ ಬರ್ದಿದಾಳೆ! ಏನ್ ಅರ್ಜೆಂಟು, ಯಾರ್ ಮಾಡ್ತಾರೆ, ಯಾವ್ದು ಕಾಯ್ಬಹುದು. ನಾನು ವಾಪಸ್ ಒಂದ್ ಪ್ರಶ್ನೆ ಕೇಳೋ ಹಂಗೇ ಇಲ್ಲ.”

“ಹೌದು ಸರ್,” ಎಂದೆ. ಆ ಕಾರ್ಖಾನೆಗೆ ಸೇರಿದ ಮೇಲೆ ನಾನು ಒಂದು ದಿನವೂ ತಪ್ಪಿಸಿಕೊಂಡವನಲ್ಲ. ದಿನವೂ ಬರುವವನ ಬಗ್ಗೆ ಮೇಲ್ ಬರೆಯುವ ಪದ್ಧತಿ ಯಾವ ಆಫೀಸಿನಲ್ಲೂ ಇಲ್ಲ. ಇದ್ದಿದ್ದರೆ ನನ್ನ ಹೆಸರಿನಲ್ಲಿ ಎಷ್ಟು ಮೇಲ್ ಓಡಾಡಬೇಕಿತ್ತು ಎಂದು ಆ ರಾತ್ರಿ ಮುದ್ದೆ ಮುರಿಯುತ್ತಾ ಯೋಚಿಸಿದೆ. ಹೆಂಡತಿ, “ಸಾರು ಸಪ್ಪೆಯಾ?” ಎಂದು ಕೇಳಿದಳು. ಸಾರು ಚೆನ್ನಾಗಿಯೇ ಇತ್ತು.

ಇದು ಬರಿಯ ಹೊಗಳಿಕೆಯ ಮಾತಾಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಆ ಹೊತ್ತಿಗೆ ಬಸ್ಸುಗಳಿಗೆ, ಯಾವುದು ಎಲ್ಲಿದೆ ಎಂದು ತೋರಿಸುವ ಯಂತ್ರ ಕೂರಿಸುತ್ತಿದ್ದರು. ಅದಾದ ಮೇಲೆ ಡೆಸ್ಕಿಗೆ ಒಬ್ಬರು ಸಾಕು, ಯಾರೆಂದು ತಿಂಗಳ ಕೊನೆಯಲ್ಲಿ ಹೇಳುತ್ತೇನೆ ಎಂದು ಮ್ಯಾನೇಜರ್ ನಮ್ಮಿಬ್ಬರನ್ನೂ ಕೂರಿಸಿ ಹೇಳಿದ್ದರು. ಅವಳಿಗೆ ಬೇರೆ ಕೆಲಸ ಎಲ್ಲಿ ಬೇಕಾದರೂ ಸಿಗುತ್ತಿತ್ತು. ನನಗೆ ಆ ಮೇಜು ಹೋದರೆ ಇರುವುದು ಜಗಲಿ.

ಡ್ರೈವರುಗಳು ಕೂಡ ಅವಳ ಕಡೆ ತಿರುಗತೊಡಗಿದ್ದರು. ಮೊದಲೆಲ್ಲ ಬೆಳಿಗ್ಗೆ ಬಂದವರು ನೇರ ನನ್ನ ಮೇಜಿಗೆ ಬಂದು, “ಯಜಮಾನ್ರೇ, ಇವತ್ತು ಯಾವ ಕಡೆ?” ಎನ್ನುತ್ತಿದ್ದರು. ಈಗ ಅರ್ಧದಷ್ಟು ಜನ ಅವಳ ಮೇಜಿನ ಮುಂದೆ ನಿಂತು ಹಲ್ಲು ಕಿರಿಯುತ್ತಿದ್ದರು. ಅವಳು ಅವರ ಮಕ್ಕಳ ಪರೀಕ್ಷೆ ವಿಚಾರಿಸುತ್ತಿದ್ದಳು. ಅಷ್ಟು ವರ್ಷ ಡಿಪೋದಲ್ಲಿದ್ದು ಒಬ್ಬ ಡ್ರೈವರನ ಮಗು ಯಾವ ತರಗತಿ ಎಂದು ನಾನು ಕೇಳಿದವನಲ್ಲ. ಕೇಳಿದರೆ ಮಾರನೆಯ ದಿನ ರಜೆ ಕೇಳುತ್ತಾರೆ.

ಹೀಗಿರುವಾಗ ತಿಂಗಳು ಮುಗಿಯಲು ಇನ್ನೊಂದು ವಾರವಿರಬೇಕು, ನನಗೇ ಜ್ವರ ಬಂತು. ರಾತ್ರಿಯೆಲ್ಲ ಗಂಟಲು ಕಟ್ಟಿ, ಬೆಳಗಿನ ಜಾವ ಎದ್ದು ನಿಂತರೆ ಗೋಡೆ ವಾಲಿದಂತಾಯಿತು. ತಣ್ಣೀರು ಸ್ನಾನದ ಮಾತೇ ಇಲ್ಲ. ಹೆಂಡತಿ ಹಣೆ ಮುಟ್ಟಿ ನೋಡಿ, “ಇವತ್ತು ಹೋದ್ರೆ ನಾನು ಬಾಗ್ಲು ತೆಗ್ಯಲ್ಲ,” ಎಂದಳು. ಮೇಲ್ ಬರೆಯಲೇಬೇಕಾಯಿತು. ಮೇಲ್ ನೋಡಲು ಬರುವಂಥ ಫೋನ್ ಒಂದೊಂದನ್ನು ಡೆಸ್ಕಿನವರಿಗೆ ಕಂಪನಿ ಕೊಟ್ಟಿತ್ತು. ಹಾಸಿಗೆಯ ಮೇಲೆ ಗೋಡೆಗೆ ಒರಗಿ ಕೂತು, ಕನ್ನಡಕ ಹಾಕಿ ಶುರು ಮಾಡಿದೆ.

ತುರ್ತಾದದ್ದನ್ನು ಬರೆಯಲು ಕಷ್ಟವಾಗಲಿಲ್ಲ. ಬೂದಿಗೆರೆ ಕಡೆಯ ಬಸ್ಸಿನ ಮಾಮೂಲು ದಾರಿಯಲ್ಲಿ ಅಂದು ಮೋರಿ ಅಗೆಯುವವರಿದ್ದರು. ಬಸ್ಸು ಕೆರೆ ಏರಿಯ ಮೇಲಿನ ದಾರಿಯಲ್ಲಿ ಹೋಗಬೇಕು, ನಡುವಿನ ಹಳ್ಳಿಯ ಹೆಂಗಸರು ಏರಿಯ ಕೆಳಗೆ ಬಂದು ನಿಂತಿರಬೇಕು, ಇದನ್ನು ಬಸ್ಸು ಗೇಟು ಬಿಡುವ ಮೊದಲೇ ಡ್ರೈವರಿಗೂ ಆ ಹೆಂಗಸರಿಗೂ ಹೇಳಬೇಕು. ಅದು ಮೊದಲನೆಯದು. ಎರಡನೆಯದು, ಹೊಸಕೋಟೆ ಬಸ್ಸಿನ ಡ್ರೈವರ್ ಹೊಸಬ, ಅವನ ಲೈಸೆನ್ಸಿನ ಪ್ರತಿ ಗೇಟಿನಲ್ಲಿ ಕೊಡದಿದ್ದರೆ ಬಸ್ಸು ಒಳಗೆ ಬಿಡುವುದಿಲ್ಲ. ಪ್ರತಿ ನನ್ನ ಮೇಜಿನ ಮೇಲಿನ ಟ್ರೇಯಲ್ಲಿದೆ. ಕಂಟ್ರಾಕ್ಟರನಿಗೆ ಬರೆಯಬೇಕಿದ್ದ ಜ್ಞಾಪನಾಪತ್ರ ನಾಳೆ ಆದರೂ ನಡೆಯುತ್ತದೆ.

ಯಾರು ಮಾಡಬಲ್ಲರು ಎಂಬಲ್ಲಿ ಬೆರಳು ನಿಂತಿತು.

ನಮ್ಮ ಡಿಪೋದಲ್ಲಿ ಕಾಯಿಲೆಯಾದವನು ತನ್ನ ಬದಲಿಗೆ ಯಾರೆಂದು ಬಾಯಿ ಬಿಡುವಂತಿರಲಿಲ್ಲ. ಬದಲಿ ಹಾಕುವುದು ಕಂಟ್ರೋಲರ್ ಕೆಲಸ. ‘ನನಗೆ ಜ್ವರ ಸಾರ್, ನನ್ನ ಡ್ಯೂಟಿಗೆ ಇಂಥವನನ್ನು ಹಾಕಿ’ ಎಂದು ಯಾವನಾದರೂ ಅಂದರೆ ಇಬ್ಬರೂ ಸೇರಿ ಡ್ಯೂಟಿ ಅದಲುಬದಲು ಮಾಡಿಕೊಂಡಿದ್ದಾರೆ ಎಂದೇ ಲೆಕ್ಕ, ಇಬ್ಬರನ್ನೂ ನಿಲ್ಲಿಸಿ ಬೈಯುತ್ತಿದ್ದೆ. ಆ ಹಳೆಯ ನಿಯಮ ಆ ಬೆಳಿಗ್ಗೆ ನನಗೆ ಬಹಳ ಒಳ್ಳೆಯದಾಗಿ ಕಂಡಿತು. ಹೆಸರು ಬರೆಯದೆ ಬಿಟ್ಟುಬಿಡೋಣ, ಮ್ಯಾನೇಜರ್ ನೋಡಿಕೊಳ್ಳಲಿ. ಏಕೆಂದರೆ ಬರೆಯುವುದಾದರೆ ಒಂದೇ ಹೆಸರು. ಒಬ್ಬರನ್ನೇ ಇಟ್ಟುಕೊಳ್ಳುತ್ತೇನೆ ಎಂದು ಹೇಳಿರುವ ಮನುಷ್ಯನಿಗೆ, ನನ್ನ ಕೆಲಸವನ್ನೆಲ್ಲ ಇವಳು ಮಾಡಬಲ್ಲಳು ಎಂದು ನನ್ನ ಕೈಯಾರೆ ಬರೆದು ಕಳಿಸಬೇಕು.

ಡ್ರೈವರಿಗೆ ಹೇಳುವ ಕೆಲಸಕ್ಕೆ ಸೆಕ್ಯುರಿಟಿಯವನ ಹೆಸರು ಬರೆದೆ, ಅಳಿಸಿದೆ. ಅವನು ಹೇಳಿದರೆ ಡ್ರೈವರ್ ಕೇಳುವುದಿಲ್ಲ. ಹೆಂಗಸರಿಗೆ ಫೋನ್ ಮಾಡಲು ಕ್ಯಾಂಟೀನ್ ಮೇಸ್ತ್ರಿಯನ್ನು ಹಾಕಿದೆ, ಅಳಿಸಿದೆ. ಅಷ್ಟರಲ್ಲಿ ನಸುಬೆಳಕು ಹರಿಯುತ್ತಿತ್ತು. ಆ ಹಳ್ಳಿಯ ಹೆಂಗಸರು ಒಲೆ ಹಚ್ಚಿ ಎದ್ದಿರುತ್ತಾರೆ. ಇನ್ನು ಸ್ವಲ್ಪ ಹೊತ್ತಿಗೆ ಡಬ್ಬಿ ಕಟ್ಟಿಕೊಂಡು ಬಾರದ ಬಸ್ಸಿಗೆ ಕಾದು ನಿಲ್ಲುತ್ತಾರೆ. ಕಾದು ನಿಂತವರನ್ನು ಬಿಟ್ಟು ಹೋದ ಬಸ್ಸನ್ನು ನಾನು ನನ್ನ ಸರ್ವಿಸಿನಲ್ಲಿ ಎಂದೂ ಕ್ಷಮಿಸಿದವನಲ್ಲ. ಅವಳ ಹೆಸರು ಬರೆದೆ. ಎರಡು ಕೆಲಸಕ್ಕೂ ಅವಳೇ. ಅವಳಿಗೂ ಪ್ರತಿ ಹೋಗುವಂತೆ ಹಾಕಿ ಕಳಿಸಿ, ಫೋನ್ ಮಾಡಿದೆ.

“ಮೇಲ್ ನೋಡಿದೆ ಸರ್. ಧ್ವನಿ ಪೂರ್ತಿ ಹೋಗ್ಬಿಟ್ಟಿದೆಯಲ್ಲ! ಎಲ್ಲಾ ನಾನ್ ನೋಡ್ಕೊಳ್ತೀನಿ, ನೀವು ಮಲಗಿ. ಬಿಸ್ನೀರ್ ಕುಡೀರಿ.”

“ಡ್ರೈವರಿಗೆ ಗೇಟ್ ಬಿಡೋ ಮುಂಚೆನೇ...”

“ಬರ್ದಿದೀರಲ್ಲ ಸರ್. ಮಲಗಿ.”

ಮಲಗಿದೆ. ಫೋನನ್ನು ದಿಂಬಿನ ಪಕ್ಕದಲ್ಲಿಟ್ಟುಕೊಂಡೆ. ಲೈಸೆನ್ಸಿನ ಪ್ರತಿ ಸಿಗಲಿಲ್ಲ ಎಂದು ಕೇಳಲು ಕರೆ ಬರುತ್ತದೆ ಎಂದುಕೊಂಡೆ, ಬರಲಿಲ್ಲ. ಡ್ರೈವರ್ ತಕರಾರು ಮಾಡುತ್ತಿದ್ದಾನೆ ಎಂದು ಬರುತ್ತದೆ ಎಂದುಕೊಂಡೆ, ಅದೂ ಇಲ್ಲ. ಮ್ಯಾನೇಜರಿಂದಲೂ ಇಲ್ಲ. ಎದುರು ಮನೆಯ ಮಷೀನು ಶುರುವಾಯಿತು. ಫೋನು ಕೆಟ್ಟಿದೆಯೇ ಎಂದು ಹೆಂಡತಿಯ ಫೋನಿನಿಂದ ಅದಕ್ಕೇ ರಿಂಗ್ ಕೊಟ್ಟು ನೋಡಿದೆ. ಸರಿಯಾಗಿಯೇ ಇತ್ತು. ನಾನಿಲ್ಲದೆ ಒಂದು ಪ್ರಶ್ನೆಯೂ ಹುಟ್ಟುತ್ತಿಲ್ಲ ಎಂಬುದು ಜ್ವರಕ್ಕಿಂತ ಹೆಚ್ಚಾಗಿ ಸುಡುತ್ತಿತ್ತು.

ಆಗ ಇನ್ನೊಂದು ಡಿಪೋ ನಿಯಮ ನೆನಪಾಯಿತು. ಕಾಯಿಲೆಯಾದವನು ಚೀಟಿ ಕಳಿಸಿದರೆ ಸಾಲದು, ಎದ್ದು ಓಡಾಡುವಂತಿದ್ದರೆ ಖುದ್ದಾಗಿ ಬಂದು ಕಂಟ್ರೋಲರ್ ಮುಂದೆ ನಿಂತು ಮುಖ ತೋರಿಸಿ ಹೋಗಬೇಕು. ಮ್ಯಾನೇಜರ್ ನನ್ನ ಮೇಲಿಗೆ ಉತ್ತರ ಬರೆದಿರಲಿಲ್ಲ. ಉತ್ತರವಿಲ್ಲದ ಮೇಲೆ ರಜೆ ಹೇಳಿದಂತಾಯಿತೇ? ಎದ್ದು ಅಂಗಿ ಹಾಕಿಕೊಂಡೆ. ಹೆಂಡತಿ ಹಿತ್ತಲಿನಿಂದ ಬಂದಳು.

“ಬರಲ್ಲ ಅಂತ ಬರ್ದ್ಬಿಟ್ಟು ಹೊರಟಿದೀರಲ್ರೀ! ಜ್ವರ ತಲೆಗೇನಾದ್ರೂ ಏರಿದ್ಯಾ?”

“ಮುಖ ತೋರ್ಸಿ ಬಂದ್ಬಿಡ್ತೀನಿ ಕಣೇ.”

“ಯಾರಿಗೆ ತೋರಿಸ್ಬೇಕು ಈ ಮುಖಾನ? ಕನ್ನಡೀಲಿ ನೋಡ್ಕೊಂಡ್ರಾ ಒಂದ್ಸಲ?”

ಅಷ್ಟರಲ್ಲಿ ಸರ್ಕಾರಿ ಬಸ್ಸು ಹಾರನ್ ಮಾಡಿತು. ಮಫ್ಲರ್ ಸುತ್ತಿಕೊಂಡು ಹತ್ತಿಬಿಟ್ಟೆ.

ನಾನು ಕಾರ್ಖಾನೆಯ ಗೇಟಿನ ಹತ್ತಿರ ಇಳಿದಾಗ ಬೂದಿಗೆರೆ ಬಸ್ಸು ಖಾಲಿಯಾಗಿ ಹೊರಗೆ ಬರುತ್ತಿತ್ತು. ನಿಗದಿಯಾದ ಹೊತ್ತಿಗೇ. ಡ್ರೈವರ್ ನನ್ನನ್ನು ಕಂಡು ಬ್ರೇಕ್ ಹಾಕಿ ಕಿಟಕಿಯಿಂದ ತಲೆ ಹೊರಗೆ ಹಾಕಿದ.

“ಯಜಮಾನ್ರೇ, ನೀವು ಬರಲ್ಲ ಅಂತ ಮೇಡಂ ಅಂದ್ರಲ್ಲ! ಬಂದ್ಬಿಟ್ರಲ್ಲ. ಯಾವ ಕಡೆಯಿಂದ ಹೋಗ್ಲಿ ಹೇಳಿ ಈಗ.”

ಅವನಿಗೆ ಅವಳು ಆಗಲೇ ಹೇಳಿದ್ದಳು. ಆದರೂ ಕೇಳಿದ, ನನ್ನನ್ನು. ಆ ಒಂದು ಕ್ಷಣ ಗಂಟಲು ನೋವು ಮರೆತುಹೋಯಿತು.

“ಕೆರೆ ಏರಿ ಮೇಲೆ ಹೋಗಪ್ಪ,” ಎಂದೆ.

“ಏರಿ ಮೇಲಾ? ಸರಿ ಬಿಡಿ, ನೀವ್ ಹೇಳಿದ್ಮೇಲೆ ಆಯ್ತು,” ಎಂದು ಗೇರ್ ಹಾಕಿ ಹೊರಟ.

ಕೋಣೆಗೆ ಬಂದರೆ ಅವಳು ನನ್ನ ಕುರ್ಚಿಯಲ್ಲಿ ಕೂತಿದ್ದಳು. ತನ್ನದರಲ್ಲಲ್ಲ, ನನ್ನದರಲ್ಲಿ. ಗೇಟು ಕಾಣುವುದು ನನ್ನ ಮೇಜಿನಿಂದ ಮಾತ್ರ, ಅದಕ್ಕೇ ಕೂತಿದ್ದಳು, ಅದು ನನಗೆ ಗೊತ್ತು. ಗೊತ್ತಿದ್ದರೂ ನೋಡಲಾಗಲಿಲ್ಲ. ಅವಳು ಗಾಬರಿಯಿಂದ ಎದ್ದಳು.

“ಸರ್! ಯಾಕ್ ಬಂದ್ರಿ? ಕೂತ್ಕೊಳ್ಳಿ ಮೊದ್ಲು.”

“ಸುಮ್ನೆ, ರಿಪೋರ್ಟ್ ಮಾಡಿ ಹೋಗಣ ಅಂತ. ಬೂದಿಗೆರೆ ಬಸ್ ಹೋಯ್ತು. ಏರಿ ಮೇಲೆ ಹೋಗು ಅಂತ ಹೇಳಿ ಕಳಿಸ್ದೆ.”

ಅವಳ ಮುಖ ಇಳಿಯಿತು. “ಅಯ್ಯೋ, ಏರಿ ಮೇಲೆ ಮರಳು ಲಾರಿ ಸಿಕ್ಕಾಕೊಂಡಿದೆ ಸರ್. ಆಗ್ಲೇ ಒಬ್ಬ ಅಕ್ಕ ಫೋನ್ ಮಾಡಿ ಹೇಳಿದ್ರು. ನಾನು ಹೆದ್ದಾರಿ ಕಡೆಯಿಂದ ಹೋಗಕ್ಕೆ ಹೇಳಿದ್ದೆ. ಅಕ್ಕಂದಿರನ್ನೆಲ್ಲ ಸ್ಕೂಲ್ ಹತ್ರ ಬಂದು ನಿಂತ್ಕೊಳ್ಳಿ ಅಂದಿದೀನಿ.”

ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನನ್ನ ಮೇಲಿನಲ್ಲಿ ಬರೆದದ್ದನ್ನೇ ಹೇಳಿದ್ದೆ. ಆದರೆ ನಾನು ಅದನ್ನು ಬರೆದ ಮೇಲೆ ಒಂದು ಲಾರಿ ಬಂದು ಕೆಸರಿನಲ್ಲಿ ಹೂತಿತ್ತು, ಆ ಸುದ್ದಿ ಬಂದದ್ದು ಅವಳಿಗೆ. ಆ ಹಳ್ಳಿಯ ಹೆಂಗಸು ನನಗೆ ಎಂದೂ ಫೋನ್ ಮಾಡಿದವಳಲ್ಲ ಎಂಬುದೂ ಆಗ ಹೊಳೆಯಿತು.

ಅವಳು ಡ್ರೈವರಿಗೆ ಫೋನ್ ಮಾಡಿದಳು. ಓಡಿಸುವಾಗ ಫೋನ್ ತೆಗೆಯಬಾರದು ಎಂದು ಅವನಿಗೆ ಕಟ್ಟುನಿಟ್ಟು ಮಾಡಿದವನು ನಾನೇ. ಅವನು ತೆಗೆಯಲಿಲ್ಲ. ಅವಳು ನನ್ನ ಮೇಲೆ ಸಿಡುಕಲಿಲ್ಲ, ತಿರುಗಿಯೂ ನೋಡಲಿಲ್ಲ. ಹಳ್ಳಿಯ ಆ ಹೆಂಗಸಿಗೆ ಫೋನ್ ಹಚ್ಚಿ, “ಅಕ್ಕಾ, ಬಸ್ಸು ಏರಿ ಕಡೆ ಬಂದ್ಬಿಡ್ತಾ ಇದೆ. ನಿಮ್ಮ ಮನೆಯವ್ರು ಸೈಕಲ್ ತಗೊಂಡು ಕ್ರಾಸಲ್ಲಿ ನಿಂತ್ಕೊಂಡು ಅಡ್ಡ ಕೈ ಹಾಕ್ಬೇಕು, ಹೆದ್ದಾರಿ ಕಡೆ ತಿರುಗ್ಸಕ್ಕೆ ಹೇಳ್ಬೇಕು. ಆಗುತ್ತಾ?” ಎಂದಳು. ಆ ಕಡೆಯಿಂದ ನಗು ಕೇಳಿಸಿತು. ಅವರು ನಗುತ್ತಾ ಮಾತಾಡುತ್ತಿದ್ದರು, ನನ್ನ ಬಸ್ಸಿನ ಬಗ್ಗೆ.

ಬಸ್ಸು ತಿರುಗಿತು. ತಡವಾಗಿ ಬಂತು, ಆದರೆ ಯಾರನ್ನೂ ಬಿಟ್ಟು ಬರಲಿಲ್ಲ. ಅಷ್ಟರಲ್ಲಿ ಮ್ಯಾನೇಜರ್ ಬಂದಿದ್ದರು. ಪಾಳಿಯ ಮೇಲ್ವಿಚಾರಕ, ಜನ ಇನ್ನೂ ಬಂದಿಲ್ಲ ಎಂದು ಅವರಿಗೆ ದೂರಿದ್ದ.

“ಯಾಕೆ ಲೇಟು?” ಎಂದು ಅವಳನ್ನು ಕೇಳಿದರು.

“ದಾರಿ ಚೇಂಜ್ ಆಯ್ತು ಸರ್,” ಎಂದಳು. ಅಷ್ಟೇ ಅಂದಳು. ನನ್ನ ಹೆಸರು ಎತ್ತಲಿಲ್ಲ. ಅವಳು ಎತ್ತಿದ್ದರೆ ನಾನು ಅವಳನ್ನು ನಿಶ್ಚಿಂತೆಯಾಗಿ ದ್ವೇಷಿಸಬಹುದಿತ್ತು.

ಅಷ್ಟರಲ್ಲಿ ಡ್ರೈವರ್ ಬೆವರು ಒರೆಸಿಕೊಳ್ಳುತ್ತಾ ಒಳಗೆ ಬಂದ. “ಒಬ್ರು ಆ ಕಡೆ ಅಂತೀರಾ, ಒಬ್ರು ಈ ಕಡೆ ಅಂತೀರಾ. ನಾನೇನ್ ಬಸ್ಸನ್ನ ಎರಡು ತುಂಡು ಮಾಡ್ಲಾ? ಇವತ್ತು ಯಾರ್ ಹೇಳಿದ್ದು ಕೇಳ್ಬೇಕು ಅದನ್ನ ಹೇಳ್ಬಿಡಿ.”

ಮ್ಯಾನೇಜರ್ ಬೆಂಚಿನ ಮೇಲೆ ಮಫ್ಲರ್ ಸುತ್ತಿಕೊಂಡು ಕೂತಿದ್ದ ನನ್ನನ್ನು ಆಗ ನೋಡಿದರು.

“ಸರ್, ನೀವು ಇವತ್ತು ರಜೆ ಅಲ್ವಾ? ನಿಮ್ಮ ಮೇಲ್ ಓದ್ದೆ. ತುಂಬ ಚೆನ್ನಾಗಿ ಬರ್ದಿದ್ರಿ. ಎರಡೂ ಕೆಲ್ಸ ಅವ್ಳಿಗೆ ಅಂತ ಬರ್ದಿದ್ರಿ.”

“ಹೌದು ಸರ್.”

“ಮತ್ತೆ?”

ಡಿಪೋದಲ್ಲಿ ಡ್ಯೂಟಿ ಬಿಟ್ಟುಕೊಟ್ಟವನೊಬ್ಬ ಹೊರಗೆ ನಿಂತು ಬಸ್ಸಿಗೆ ಕೈ ತೋರಿಸಿದ್ದರೆ ನಾನೇ ಮೆಮೊ ಕೊಡುತ್ತಿದ್ದೆ. “ಬೂದಿಗೆರೆ ಬಸ್ಸಿಗೆ ನಾನೇ ಹೇಳಿದ್ದು ಸರ್, ಅವಳಲ್ಲ,” ಎಂದು ಹೇಳಿ ಎದ್ದೆ. ಅವರು ತಲೆಯಾಡಿಸಿದರು. ಮೇಲ್ ಚೆನ್ನಾಗಿತ್ತೆಂದು ಇನ್ನೊಮ್ಮೆ ಹೇಳಿದರು. ನಾನು ಕಾದಿದ್ದ ಹೊಗಳಿಕೆ ಅದೇ, ಬಂದ ಹೊತ್ತು ಮಾತ್ರ ಬೇರೆ.

ವಿಜಯಪುರದ ಕಡೆ ಹೋಗುತ್ತಿದ್ದ ಕಂಪನಿ ಬಸ್ಸಿನಲ್ಲಿ ಅವಳು ನನ್ನನ್ನು ಕೂರಿಸಿ ಕಳಿಸಿದಳು. ರಾತ್ರಿ ಪಾಳಿ ಮುಗಿಸಿದ ಹೆಂಗಸರು ತೂಕಡಿಸುತ್ತಿದ್ದರು. ಒಬ್ಬಳು ನನಗೆ ಜಾಗ ಬಿಟ್ಟುಕೊಟ್ಟು, “ಹುಷಾರಿಲ್ವಾ ಅಣ್ಣ? ಮೇಡಂ ಇದಾರೆ ಬಿಡಿ, ನೀವ್ ಮನೇಲಿ ಇದ್ರೆ ಆಯ್ತು,” ಎಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನಾನು ದಾರಿಯುದ್ದಕ್ಕೂ ಕಿಟಕಿಯ ಆಚೆ ನೋಡಿದೆ.

ತಿಂಗಳ ಕೊನೆಯಲ್ಲಿ ಮ್ಯಾನೇಜರ್ ಅವಳನ್ನು ಇಟ್ಟುಕೊಂಡರು. ನನಗೆ ಶಾಲು ಹೊದಿಸಿ ಒಳ್ಳೆಯ ಮಾತುಗಳನ್ನಾಡಿದರು. ಬಸ್ಸಿನ ಗೊಂದಲದ ಪ್ರಸ್ತಾಪವನ್ನೇ ಮಾಡಲಿಲ್ಲ. ಮಾಡಿದ್ದರೆ ವಾದಿಸಬಹುದಿತ್ತು.

ಕೆಲಸ ಒಪ್ಪಿಸಲು ನನಗೆ ಮೂರು ದಿನ ಕೊಟ್ಟಿದ್ದರು. ಚೊಕ್ಕವಾಗಿ ಒಪ್ಪಿಸಿದೆ. ಮಳೆ ಬಂದರೆ ಯಾವ ಹಳ್ಳದ ದಾರಿ ಬಿಡಬೇಕು, ಸಂತೆಯ ದಿನ ಎಲ್ಲಿ ಬಸ್ಸು ಸಿಕ್ಕಿಬೀಳುತ್ತದೆ, ಕಂಟ್ರಾಕ್ಟರ್ ಹಳೆಯ ಟೈರನ್ನು ಹೊಸದೆಂದು ಹೇಗೆ ತೋರಿಸುತ್ತಾನೆ, ಎಲ್ಲ ಹೇಳಿದೆ. ಅವಳು ಬರೆದುಕೊಂಡಳು. ಕೊನೆಯ ಸಂಜೆ ಇಬ್ಬರೂ ಗೇಟಿನ ಹತ್ತಿರ ಬಸ್ಸಿಗೆ ನಿಂತಿದ್ದಾಗ ಕೇಳಿದಳು.

“ಸರ್, ಇನ್ನೊಂದು. ಡ್ರೈವರ್‌ಗಳು ಬೆಳಿಗ್ಗೆ ಫೋನ್ ಮಾಡಿ ಹುಷಾರಿಲ್ಲ ಅಂತಾರಲ್ಲ. ನಿಜವಾಗ್ಲೂ ಕಾಯ್ಲೆನೋ, ನಾಟಕನೋ, ನೀವು ಥಟ್ಟಂತ ಹೇಳ್ಬಿಡ್ತೀರಿ. ಒಂದ್ಸಲನೂ ತಪ್ಪಿದ್ದು ನಾನ್ ನೋಡಿಲ್ಲ. ಹೆಂಗೆ ಗೊತ್ತಾಗುತ್ತೆ ಸರ್?”

ನಿಜಕ್ಕೂ ಕಾಯಿಲೆಯಾದವನು ಮೊದಲು ಬಸ್ಸಿನ ಮಾತೆತ್ತುತ್ತಾನೆ. ನಾಟಕದವನು ಮೊದಲು ಕಾಯಿಲೆಯ ಮಾತೆತ್ತುತ್ತಾನೆ, ಎಷ್ಟು ಸಲ ವಾಂತಿಯಾಯಿತು ಎಂಬುದರವರೆಗೆ ಹೇಳುತ್ತಾನೆ. ಇಷ್ಟೇ ಗುಟ್ಟು. ಒಂದು ನಿಮಿಷದಲ್ಲಿ ಹೇಳಿಕೊಡಬಹುದಿತ್ತು.

“ಅದು ಹೇಳ್ಕೊಡಕ್ಕೆ ಬರಲ್ಲಮ್ಮ,” ಎಂದೆ. “ವರ್ಷಾನುಗಟ್ಟಲೆ ಕೂತ್ರೆ ತಾನಾಗೇ ಬರುತ್ತೆ.”

ಅವಳು ನಂಬಿದಳು. ಅಷ್ಟರಲ್ಲಿ ಬಸ್ಸು ಬಂತು, ನಾನು ಹತ್ತಿ ಕೂತೆ.